ಕೈ ಜಗ್ಗಿದಾಗ ಜಾರುವ ಮೊಣಕೈ

ಅಮರಗೋಳದ ಮಾರುಕಟ್ಟೆ ಬದಿ ರಸ್ತೆ ದಾಟುವಾಗ ಎರಡು ವರ್ಷದ ಮಗು ಎಡವಿತು ಎಂದುಕೊಳ್ಳಿ. ಬೀಳದಿರಲೆಂದು ತಾಯಿ ಹಿಡಿದಿದ್ದ ಎಡಗೈಯನ್ನೇ ಮೇಲಕ್ಕೆ ಜಗ್ಗಿದರು. ಮಗು ಚೀರಿ ಅತ್ತು, ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ಈಗ ಬಿಸ್ಕತ್ತು ಕೊಟ್ಟರೆ ಬಲಗೈ ಮಾತ್ರ ಚಾಚುತ್ತದೆ. ಎಡಗೈ ತುಸು ಮಡಚಿ, ಅಂಗೈ ಒಳಮುಖವಾಗಿ, ಮೈಗೆ ಅಂಟಿಕೊಂಡು ಜೋತುಬಿದ್ದಿದೆ. ಊತವಿಲ್ಲ. ಮಗು ಮಣಿಕಟ್ಟು ತೋರಿಸಿದರೂ ತೊಂದರೆ ಮೊಣಕೈಯಲ್ಲಿದೆ.

ಮುಂಗೈಯ ಎರಡು ಎಲುಬುಗಳಲ್ಲಿ ಹೆಬ್ಬೆರಳ ಕಡೆಯದರ ಮೇಲ್ತುದಿಯನ್ನು ಬಳೆಯಂಥ ಒಂದು ಪಟ್ಟಿ ಸುತ್ತಿ ಹಿಡಿದಿರುತ್ತದೆ. ಎಳೆಯ ಮಕ್ಕಳಲ್ಲಿ ಅದು ಸಡಿಲ. ಜಗ್ಗಿದಾಗ ಎಲುಬಿನ ತುದಿಯಿಂದ ಜಾರಿ ಕೀಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಸುಮಾರು ಐದು ವರ್ಷದ ಹೊತ್ತಿಗೆ ಪಟ್ಟಿ ಬಲಿಯುವುದರಿಂದ ಆಮೇಲೆ ಇದು ಅಪರೂಪ.

ವೈದ್ಯರು ಮೊಣಕೈ ಹಿಡಿದು, ಮುಂಗೈಯನ್ನು ಅಂಗೈ ಕೆಳಗಾಗುವಂತೆ ಪೂರ್ತಿ ತಿರುಗಿಸುತ್ತಾರೆ. ‘ಟಕ್’ ಎಂದು ಬೆರಳಿಗೆ ತಿಳಿಯುತ್ತದೆ. ಮಗು ಒಮ್ಮೆ ಅಳುತ್ತದೆ. ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಅದೇ ಕೈಯಿಂದ ಆಟಿಕೆ ಹಿಡಿದರೆ ಸರಿಹೋಯಿತೆಂದು ಅರ್ಥ. ಪಟ್ಟಿ, ಪ್ಲಾಸ್ಟರ್ ಬೇಕಿಲ್ಲ.

ಮನೆಯಲ್ಲಿ ತಿರುಗಿಸಬೇಡಿ, ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಮಗು ಬಿದ್ದಿದ್ದರೆ, ಊತ ಅಥವಾ ಸೊಟ್ಟ ಕಂಡರೆ ಅದು ಎಲುಬು ಮುರಿತವಿರಬಹುದು. ಆಗ ತಿರುಗಿಸುವ ಮೊದಲು ಎಕ್ಸ್‌ರೇ ಬೇಕು. ತಿರುಗಿಸಿದ ಮೇಲೂ ಕೈ ಎತ್ತದಿದ್ದರೆ ಹೀಗೆಯೇ.

ಒಮ್ಮೆ ಜಾರಿದ್ದು ಮತ್ತೆ ಜಾರಬಹುದು. ಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತಿ; ಕೈ ಹಿಡಿದು ತೂಗಾಡಿಸಬೇಡಿ. ಅಂಗಿ ತೊಡಿಸುವಾಗ ತೋಳನ್ನು ಜಗ್ಗದೆ, ತೋಳಿನ ಬಟ್ಟೆಯನ್ನೇ ಮೇಲೆ ಸರಿಸಿ.