ಬೋರ್ಡು ಇಳಿಸಿ, ಶಾಲೆ ಮುಚ್ಚಬೇಡಿ

ಫ್ರಾಂಚೈಸಿ ಒಪ್ಪಂದ ಮುಗಿಸುವ ಹೊತ್ತಿಗೆ ನಮ್ಮ ಜನ ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಕೂಡಲೇ ಇಳಿಸಬೇಕಾದ ಕಂಪನಿಯ ಬೋರ್ಡನ್ನು ‘ಇನ್ನೊಂದು ತಿಂಗಳು ಇರಲಿ, ಅಡ್ಮಿಷನ್ ಮುಗಿಯಲಿ’ ಎಂದು ಹಾಗೇ ಬಿಡುತ್ತಾರೆ. ಒಪ್ಪಂದದ ಕೊನೆಯ ಪುಟದಲ್ಲಿ ‘ಎರಡು ವರ್ಷ, ಐದು ಕಿಲೋಮೀಟರ್ ಒಳಗೆ ಇದೇ ವ್ಯವಹಾರ ಮಾಡಕೂಡದು’ ಎಂದು ಬರೆದಿರುವುದನ್ನು ಓದಿ ಹೆದರಿ, ಕಷ್ಟಪಟ್ಟು ಕಟ್ಟಿದ ಕೆಲಸವನ್ನೇ ನಿಲ್ಲಿಸುತ್ತಾರೆ. ಕಾನೂನು ಹೇಳುವುದು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಬೋರ್ಡಿನ ವಿಷಯದಲ್ಲಿ ಅದು ಬಹಳ ಬಿಗಿ, ಆ ಎರಡು ವರ್ಷದ ಷರತ್ತಿನ ವಿಷಯದಲ್ಲಿ ಅದು ನಿಮ್ಮ ಪರ.

ತುಮಕೂರಿನಲ್ಲಿ ಒಂದು ಪ್ರಿ-ಸ್ಕೂಲ್ ಇದೆ ಎಂದು ಕಲ್ಪಿಸಿಕೊಳ್ಳಿ. ನಡೆಸುವವರು ಒಬ್ಬ ಶಿಕ್ಷಕಿ. ಬಾಡಿಗೆ ಮನೆಯ ಕೆಳಮಹಡಿ, ನಲವತ್ತು ಮಕ್ಕಳು. ಹೆಸರು, ಬೋರ್ಡು, ಪುಸ್ತಕಗಳ ಕಿಟ್, ಗೋಡೆಯ ಮೇಲಿನ ಆನೆಮರಿಯ ಚಿತ್ರ ಎಲ್ಲವೂ ದೆಹಲಿಯ ಒಂದು ಕಂಪನಿಯವು. ಶುಲ್ಕದಲ್ಲಿ ಶೇ. 15 ರಾಯಲ್ಟಿ ಆ ಕಂಪನಿಗೆ ಹೋಗುತ್ತದೆ. ಒಪ್ಪಂದದ ಪ್ರಕಾರ ಯಾರು ಬೇಕಾದರೂ 90 ದಿನಗಳ ನೋಟಿಸು ಕೊಟ್ಟು ಹೊರಬರಬಹುದು. ಕನಿಷ್ಠ ಇಷ್ಟು ವರ್ಷ ನಡೆಸಲೇಬೇಕೆಂಬ ಲಾಕ್-ಇನ್ ಅವಧಿ ಮುಗಿದಿದೆ. ಶಿಕ್ಷಕಿಗೆ ಇನ್ನು ಸ್ವಂತ ಹೆಸರಿನಲ್ಲಿ ಶಾಲೆ ನಡೆಸುವ ಮನಸ್ಸು.

ಮೊದಲ ಪ್ರಶ್ನೆ ದಿನಾಂಕದ್ದು. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ ಮತ್ತು ನೀವು ಸಹಿ ಹಾಕಿದ ಕಾಗದ, ಇವೆರಡರ ಮೇಲೇ ಎಲ್ಲ ನಿಂತಿರುತ್ತದೆ. ಹಾಗಾಗಿ ನೋಟಿಸನ್ನು ಒಪ್ಪಂದದಲ್ಲಿ ಹೇಳಿರುವ ವಿಳಾಸಕ್ಕೆ, ಹೇಳಿರುವ ರೀತಿಯಲ್ಲೇ ಕಳಿಸಬೇಕು. ಏರಿಯಾ ಮ್ಯಾನೇಜರಿಗೆ ವಾಟ್ಸಾಪ್ ಮಾಡಿದರೆ ಸಾಲದು. ತಲುಪಿದ್ದಕ್ಕೆ ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟ್, ಜೊತೆಗೆ ಅದೇ ದಿನ ಇ-ಮೇಲ್, ಇಷ್ಟು ಮಾಡಿ. ನೋಟಿಸು ಕಂಪನಿಗೆ ತಲುಪಿದ್ದು ಫೆಬ್ರುವರಿ 28ಕ್ಕೆ ಎಂದಿಟ್ಟುಕೊಂಡರೆ 90ನೇ ದಿನ ಮೇ 29. ‘ಮೇ 29ರಂದು ಒಪ್ಪಂದ ಕೊನೆಗೊಳ್ಳುತ್ತದೆ’ ಎಂದು ದಿನಾಂಕವನ್ನೇ ನೋಟಿಸಿನಲ್ಲಿ ಬರೆಯುವುದು ಒಳ್ಳೆಯದು. ತಲುಪಲು ತಡವಾಗುವುದುಂಟು, ಆದ್ದರಿಂದ ವಾರ ಮುಂಚೆಯೇ ಅಂಚೆಗೆ ಹಾಕಿ.

ಈ 90 ದಿನಗಳಲ್ಲೇ ಬಹಳ ಮಂದಿ ಎಡವುವುದು. ನೋಟಿಸು ಕೊಟ್ಟೆ, ಇನ್ನು ನಾನು ಸ್ವತಂತ್ರ ಎಂದುಕೊಳ್ಳುತ್ತಾರೆ. ಹಾಗಲ್ಲ. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಕಂಪನಿ ಮತ್ತು ಕೋಕ-ಕೋಲಾ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಒಪ್ಪಂದ ಜಾರಿಯಲ್ಲಿರುವಷ್ಟು ದಿನ, ನೋಟಿಸಿನ ಅವಧಿಯೂ ಸೇರಿ, ಪ್ರತಿಸ್ಪರ್ಧಿಯ ಮಾಲು ತಯಾರಿಸುವುದಿಲ್ಲ ಎಂಬ ಷರತ್ತಿಗೆ ಬಾಟ್ಲಿಂಗ್ ಕಂಪನಿ ಬದ್ಧ ಎಂದಿತು. ಅಲ್ಲಿ ನೋಟಿಸಿನ ಅವಧಿಯೇ ಒಂದು ವರ್ಷವಿತ್ತು. ಫ್ರಾಂಚೈಸಿ ಇರುವುದೇ ಕಂಪನಿಯ ಹೆಸರನ್ನು ಬೆಳೆಸಲು, ಅದು ನಡೆಯುತ್ತಿರುವಾಗ ಹಾಕುವ ಇಂಥ ಷರತ್ತು ವ್ಯಾಪಾರಕ್ಕೆ ಅಡ್ಡಿಯಲ್ಲ ಎಂಬುದು ನ್ಯಾಯಾಲಯದ ನೋಟ.

ನಮ್ಮ ಶಿಕ್ಷಕಿಗೆ ಇದರ ಅರ್ಥವೇನು? ಮಾರ್ಚ್, ಏಪ್ರಿಲ್ ಅಂದರೆ ಮುಂದಿನ ವರ್ಷದ ಅಡ್ಮಿಷನ್ ಕಾಲ. ಆಗಲೇ ಹೊಸ ಹೆಸರಿನ ಕರಪತ್ರ ಹಂಚಿ, ಹೊಸ ಹೆಸರಿನ ರಸೀದಿಯಲ್ಲಿ ಶುಲ್ಕ ಪಡೆದರೆ ಅದು ಕರಾರು ಮುರಿದಂತೆ. ಕಂಪನಿ ನ್ಯಾಯಾಲಯಕ್ಕೆ ಹೋದರೆ ತಡೆಯಾಜ್ಞೆ ಸಿಗುವ ಸಾಧ್ಯತೆ ಹೆಚ್ಚು. ಹೊಸ ಹೆಸರು ಯೋಚಿಸುವುದು, ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಶಿಕ್ಷಣಕ್ಕೆ ಮೀಸಲಾದ 41ನೇ ವರ್ಗದಲ್ಲಿ ಅದು ಬೇರೆಯವರದೇ ಎಂದು ಹುಡುಕಿ ನೋಡುವುದು, ಬೋರ್ಡು ಮಾಡುವವರಿಗೆ ಅಳತೆ ಕೊಡುವುದು ಇವೆಲ್ಲ ಬರೀ ಸಿದ್ಧತೆ. ಅಲ್ಲಿಗೆ ನಿಲ್ಲಬೇಕು. ಪೋಷಕರು ಕೇಳಿದರೆ ‘ಈ ಕಂಪನಿಯ ಜೊತೆಗಿನ ನಮ್ಮ ಒಪ್ಪಂದ ಮೇ 29ಕ್ಕೆ ಮುಗಿಯುತ್ತದೆ’ ಎಂಬ ನಿಜವನ್ನಷ್ಟೇ ಹೇಳಬಹುದು. ಒಂದಿಷ್ಟು ಅಡ್ಮಿಷನ್ ಕೈತಪ್ಪುತ್ತದೆ, ಹೌದು. ಆ ನಷ್ಟವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

ಇನ್ನು ಬೋರ್ಡು. ಮೇ 29ರ ತನಕ ಆ ಹೆಸರು ಬಳಸಲು ಶಿಕ್ಷಕಿಗೆ ಅನುಮತಿ ಇತ್ತು. ಮೇ 30ರ ಬೆಳಿಗ್ಗೆ ಅನುಮತಿ ಇಲ್ಲ. ಅಂದಿನಿಂದ ಅದೇ ಹೆಸರು ಗೋಡೆಯ ಮೇಲಿದ್ದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 29ನೇ ಕಲಂ ಪ್ರಕಾರ ಉಲ್ಲಂಘನೆ. ‘ಬೋರ್ಡು ನನ್ನ ದುಡ್ಡಲ್ಲಿ ಮಾಡಿಸಿದ್ದು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕಬ್ಬಿಣದ ಚೌಕಟ್ಟು, ಒಳಗಿನ ದೀಪ ನಿಮ್ಮವು, ಹೆಸರು ಅವರದು. ಚೌಕಟ್ಟು ಉಳಿಸಿಕೊಳ್ಳಿ, ಮುಖದ ಹಾಳೆ ತೆಗೆಯಿರಿ. ಬಟ್ಟೆ ಮುಚ್ಚಿ ಬಿಟ್ಟರೆ ಒಂದು ಗಾಳಿಗೆ ಹಾರಿ ಮತ್ತೆ ಹೆಸರು ಕಾಣುತ್ತದೆ, ಆ ಫೋಟೊ ಸಾಕು ಕಂಪನಿಯ ವಕೀಲರಿಗೆ.

ಬೋರ್ಡು ಎಲ್ಲರ ಕಣ್ಣಿಗೆ ಬೀಳುತ್ತದೆ, ತೆಗೆಯುತ್ತಾರೆ. ಉಳಿದುಹೋಗುವುದು ಬೇರೆಯವು: ಗಾಜಿನ ಮೇಲಿನ ಸ್ಟಿಕರ್, ವ್ಯಾನಿನ ಹಿಂಭಾಗ, ಗೋಡೆಯ ಆನೆಮರಿ, ಮಕ್ಕಳ ಗುರುತಿನ ಚೀಟಿ, ರಸೀದಿ ಪುಸ್ತಕ, ಗೂಗಲ್ ಮ್ಯಾಪಿನಲ್ಲಿರುವ ಹೆಸರು, ವಾಟ್ಸಾಪಿನ ಪ್ರೊಫೈಲ್ ಚಿತ್ರ. ನನ್ನ ಅನುಭವದಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಗೂಗಲ್ ಮ್ಯಾಪಿನಿಂದ. ಬೋರ್ಡು ಬದಲಾಗಿರುತ್ತದೆ, ಆದರೆ ಹುಡುಕಿದರೆ ಹಳೆಯ ಹೆಸರು ಹೊಸ ಶಾಲೆಯ ಬಾಗಿಲಿಗೇ ಕರೆತರುತ್ತದೆ. ಹಳೆಯ ಹೆಸರಿನ ಪುಟವನ್ನು ಒಪ್ಪಂದದ ಪ್ರಕಾರ ಕಂಪನಿಗೆ ಒಪ್ಪಿಸಿ ಇಲ್ಲವೇ ಮುಚ್ಚಿ, ಹೊಸದನ್ನು ಬೇರೆಯಾಗಿ ತೆರೆಯಿರಿ. ಹಳೆಯ ಬಣ್ಣ, ಹಳೆಯ ಅಕ್ಷರದ ಶೈಲಿಯನ್ನೇ ಇಟ್ಟು ಹೆಸರಿನ ಎರಡು ಅಕ್ಷರ ಮಾತ್ರ ಬದಲಿಸುವ ಉಪಾಯವೂ ಬೇಡ. ಹೆಸರು ಬೇರೆಯಿದ್ದರೂ ಜನ ‘ಅದೇ ಶಾಲೆ’ ಎಂದು ಮೋಸಹೋಗುವಂತಿದ್ದರೆ ‘ಪಾಸಿಂಗ್ ಆಫ್’ ಎಂಬ ಇನ್ನೊಂದು ದಾವೆಗೆ ದಾರಿಯಾಗುತ್ತದೆ. ‘ಹಿಂದಿನ ಇಂಥ ಶಾಲೆ’ ಎಂದು ಹೊಸ ಬೋರ್ಡಿನ ಕೆಳಗೆ ಸಣ್ಣದಾಗಿ ಬರೆಸುವುದೂ ಅಪಾಯವೇ. ಹೊಸ ಬೋರ್ಡು ಕರ್ನಾಟಕದಲ್ಲಿ ತೂಗಾಡುವುದಾದ್ದರಿಂದ ಶೇ. 60 ಕನ್ನಡವಿರಬೇಕೆಂಬ 2024ರ ತಿದ್ದುಪಡಿಯನ್ನೂ ಈಗಲೇ ಪಾಲಿಸಿಬಿಡಿ, ಎರಡು ಸಲ ಖರ್ಚು ತಪ್ಪುತ್ತದೆ.

ಕಿಟ್‌ಗಳ ವಿಷಯ ಸೂಕ್ಷ್ಮ. ಪೋಷಕರು ಹಣ ಕೊಟ್ಟು ಕೊಂಡ ಪುಸ್ತಕ ಮಗುವಿನದು, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಮಾರಾಟವಾಗದೆ ಉಳಿದ ಕಿಟ್‌ಗಳನ್ನು ಎಣಿಸಿ, ಪಟ್ಟಿ ಮಾಡಿ, ವಾಪಸು ಪಡೆದು ಹಣ ಕೊಡುವಂತೆ ಲಿಖಿತವಾಗಿ ಕೇಳಿ. ಕಂಪನಿಯ ವರ್ಕ್‌ಬುಕ್ಕನ್ನು ಜೆರಾಕ್ಸ್ ಮಾಡಿ ಹೊಸ ರಟ್ಟು ಹಾಕುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಉಲ್ಲಂಘನೆ. ಆದರೆ ಕಾಳು ಎಣಿಸಿ ಲೆಕ್ಕ ಕಲಿಸುವುದು, ವೃತ್ತದಲ್ಲಿ ಕೂರಿಸಿ ಕಥೆ ಹೇಳುವುದು ಯಾವ ಕಂಪನಿಯ ಸ್ವತ್ತೂ ಅಲ್ಲ. ಕೃತಿಸ್ವಾಮ್ಯ ಇರುವುದು ಅಚ್ಚಾದ ಪುಟಕ್ಕೆ, ಚಿತ್ರಕ್ಕೆ, ಕಲಿಸುವ ಕಲ್ಪನೆಗಲ್ಲ. ನಿಮ್ಮ ಕೈಗೆ ಬಂದ ಕಸುಬು ನಿಮ್ಮದೇ.

ಎಲ್ಲ ತೆಗೆದ ದಿನವೇ ಬೀದಿಯಿಂದ, ಒಳಗಿನಿಂದ, ವ್ಯಾನಿನ ನಾಲ್ಕೂ ಕಡೆಯಿಂದ ಫೋಟೊ ತೆಗೆದು ಕಂಪನಿಗೆ ಇ-ಮೇಲ್ ಮಾಡಿ. ‘ಬೋರ್ಡು ತೆಗೆಯಲು ತಡವಾದರೆ ದಿನಕ್ಕೆ ಇಷ್ಟು ಸಾವಿರ ದಂಡ’ ಎಂದು ಬರೆದ ಒಪ್ಪಂದಗಳಿವೆ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕಾಗದದಲ್ಲಿರುವ ಮೊತ್ತ ಗರಿಷ್ಠ ಮಿತಿ ಮಾತ್ರ, ನ್ಯಾಯಾಲಯ ಕೊಡಿಸುವುದು ಅದರೊಳಗಿನ ನ್ಯಾಯೋಚಿತ ಪರಿಹಾರ. ಹಾಗಿದ್ದರೂ ದಿನಾಂಕವಿರುವ ಫೋಟೊ ಇದ್ದರೆ ಆ ವಾದಕ್ಕೇ ಹೋಗಬೇಕಾಗಿಲ್ಲ.

ಈಗ ಆ ಎರಡು ವರ್ಷ, ಐದು ಕಿಲೋಮೀಟರ್. ಕರಾರು ಕಾಯ್ದೆಯ 27ನೇ ಕಲಂ, ಯಾರನ್ನಾದರೂ ನ್ಯಾಯಬದ್ಧ ಕಸುಬು, ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ ಎನ್ನುತ್ತದೆ. ದೂರ ಕಡಿಮೆ, ಅವಧಿ ಚಿಕ್ಕದು, ಆದ್ದರಿಂದ ಸಮಂಜಸ ಎಂಬ ವಾದ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ನಡೆಯಬಹುದು, ನಮ್ಮಲ್ಲಿ ನಡೆಯುವುದಿಲ್ಲ. 1874ರಲ್ಲೇ ಕಲ್ಕತ್ತಾ ಹೈಕೋರ್ಟ್, ನಗರದ ಒಂದೇ ಭಾಗಕ್ಕೆ ಸೀಮಿತವಾದ ನಿರ್ಬಂಧವನ್ನೂ ಮಾಧವಚಂದ್ರ ಪರಾಮಾಣಿಕ್ ಮೊಕದ್ದಮೆಯಲ್ಲಿ ಶೂನ್ಯ ಎಂದಿತು. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿ’ಮಾರ್ಕ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಂದ ಮುಗಿದ ಮೇಲೂ ಮುಂದುವರಿಯುವ ಇಂಥ ಕಟ್ಟುಪಾಡು ನಿಲ್ಲುವುದಿಲ್ಲ ಎಂದು ಮತ್ತೆ ಹೇಳಿತು. ಆದ್ದರಿಂದ ಮೇ 30ರಂದು ಅದೇ ಕಟ್ಟಡದಲ್ಲಿ ಸ್ವಂತ ಹೆಸರಿನಲ್ಲಿ ಶಾಲೆ ತೆರೆಯಲು ನಮ್ಮ ಶಿಕ್ಷಕಿಗೆ ಹಕ್ಕಿದೆ.

ಈ ರಕ್ಷಣೆಗೂ ಗಡಿಗಳಿವೆ. ಕಂಪನಿಯ ಗುಪ್ತ ಮಾಹಿತಿ, ಉದಾಹರಣೆಗೆ ಬೇರೆ ಕೇಂದ್ರಗಳ ದರಪಟ್ಟಿ ಅಥವಾ ಪಾಸ್‌ವರ್ಡ್ ಇರುವ ತರಬೇತಿ ವಿಡಿಯೊ, ಬಳಸದಂತೆ ತಡೆಯುವುದಕ್ಕೆ 27ನೇ ಕಲಂ ಅಡ್ಡಬರುವುದಿಲ್ಲ. ಬಾಕಿ ರಾಯಲ್ಟಿ ಇದ್ದರೆ ಕೊಡಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 27ನೇ ಕಲಮಿಗೇ ಒಂದು ಅಪವಾದವಿದೆ: ವ್ಯಾಪಾರದ ಗುಡ್‌ವಿಲ್ ಮಾರಿದವರು ಅದೇ ಜಾಗದಲ್ಲಿ ಪೈಪೋಟಿ ಮಾಡುವುದಿಲ್ಲ ಎಂದು ಒಪ್ಪಿಕೊಂಡರೆ, ಮಿತಿ ಸಮಂಜಸವಾಗಿದ್ದಲ್ಲಿ ಆ ಮಾತು ಊರ್ಜಿತ. ಠೇವಣಿ ವಾಪಸು ಕೊಡುವಾಗ ಕಂಪನಿಯವರು ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಅದರಲ್ಲಿ ‘ಕೇಂದ್ರದ ಗುಡ್‌ವಿಲ್ ಕಂಪನಿಗೆ ವರ್ಗಾಯಿಸಿ ಪ್ರತಿಫಲ ಪಡೆದಿದ್ದೇನೆ’ ಎಂಬ ಸಾಲು ಇದ್ದರೆ ಸಹಿ ಹಾಕಬೇಡಿ. ನಿಮಗೆ ಬರುತ್ತಿರುವುದು ನಿಮ್ಮದೇ ಠೇವಣಿ. ಆ ಸಾಲು ಹೊಡೆದುಹಾಕಿಸಿ, ಎರಡೂ ಕಡೆಯವರ ಸಹಿ ಪಕ್ಕದಲ್ಲೇ ಹಾಕಿಸಿ.

ಷರತ್ತು ಶೂನ್ಯ ಎಂದಮಾತ್ರಕ್ಕೆ ಕಂಪನಿ ಸುಮ್ಮನಿರುತ್ತದೆ ಎಂದಲ್ಲ. ವಕೀಲರ ನೋಟಿಸು ಬರಬಹುದು, ನಿಮ್ಮನ್ನು ಕೇಳದೆಯೇ ತಾತ್ಕಾಲಿಕ ತಡೆಯಾಜ್ಞೆ ತರಲು ಯತ್ನಿಸಬಹುದು. ಆ ಅನುಮಾನವಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಕಲಮಿನಡಿ ಕೇವಿಯಟ್ ಹಾಕಿಸಿ. ನಿಮ್ಮ ಮಾತು ಕೇಳದೆ ಆದೇಶವಾಗದಂತೆ ಅದು 90 ದಿನ ಕಾಯುತ್ತದೆ, ಬೇಕಿದ್ದರೆ ಮತ್ತೆ ಹಾಕಬಹುದು. ಯಾವ ಊರಿನ ನ್ಯಾಯಾಲಯದಲ್ಲಿ ಎಂಬುದಕ್ಕೆ ಒಪ್ಪಂದದ ಮಧ್ಯಸ್ಥಿಕೆಯ ಕಲಮು ನೋಡಬೇಕು. ಅಲ್ಲಿ ‘ದೆಹಲಿ’ ಎಂದಿದ್ದರೆ ತುಮಕೂರಿನಲ್ಲಿ ಹಾಕಿದ ಕೇವಿಯಟ್ ಉಪಯೋಗಕ್ಕೆ ಬಾರದು. ಮಧ್ಯಸ್ಥಿಕೆಯ ಕಲಮು ಇಲ್ಲದೆ, ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಿದ್ದರೆ ಅದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ಆದೇಶ ಬೇಡದ ದಾವೆಗೆ, ಉದಾಹರಣೆಗೆ ಠೇವಣಿ ವಾಪಸು ಕೇಳುವುದಕ್ಕೆ, ಮೊದಲು ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಸಂಧಾನಕ್ಕೆ ಅರ್ಜಿ ಹಾಕಲೇಬೇಕು. ಅದೇ ಪ್ರಾಧಿಕಾರದಿಂದ, 1987ರ ಕಾಯ್ದೆಯ 12ನೇ ಕಲಂ ಪ್ರಕಾರ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಹೋಗುವಾಗ ಮೂಲ ಒಪ್ಪಂದ, ಅಂಚೆಯ ಸ್ವೀಕೃತಿ ಚೀಟಿ, ಬೋರ್ಡು ಇಳಿಸಿದ ದಿನದ ಫೋಟೊ ಮೂರನ್ನೂ ಜೊತೆಗೆ ಒಯ್ಯಿರಿ.