ಸುತ್ತೋಲೆಯ ಫೋಟೊದಿಂದ ರಜೆ ಅರ್ಜಿ: ಗಾಳಿಬೀಡಿನ ಪೋಷಕರಿಗೊಂದು ಕೈಪಿಡಿ

ಮಡಿಕೇರಿಗೆ ಸಮೀಪದ ಗಾಳಿಬೀಡಿನಲ್ಲಿ ಕೊಡಗು ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವಿದೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಸೇರುವ ಮಕ್ಕಳು ಇಲ್ಲೇ ಉಳಿದು, ಇಲ್ಲೇ ಉಂಡು ಓದುತ್ತಾರೆ. ಹಾಗಾಗಿ ಇಲ್ಲಿನ ರಜೆ ಅರ್ಜಿಗೆ ಬೇರೆಯೇ ತೂಕ. ಊರಿನ ಶಾಲೆಗೆ ಕೊಡುವ ಚೀಟಿ ‘ಮಗು ನಿನ್ನೆ ಬರಲಿಲ್ಲ, ಕ್ಷಮಿಸಿ’ ಎಂದರೆ ಸಾಕು. ವಸತಿ ಶಾಲೆಯ ಅರ್ಜಿ ಮಗುವನ್ನು ಯಾರು, ಯಾವಾಗ, ಯಾರ ಕೈಯಿಂದ ಕರೆದೊಯ್ಯುತ್ತಾರೆ, ಎಷ್ಟು ಹೊತ್ತಿಗೆ ಮರಳಿ ಒಪ್ಪಿಸುತ್ತಾರೆ ಎಂದು ಹೇಳಬೇಕು. ಆ ಕಾಗದದ ಮೇಲೆ ಒಪ್ಪಿಗೆ ಬಿದ್ದ ಮೇಲೆಯೇ ಮಗು ಗೇಟು ದಾಟುವುದು.

ಅರ್ಜಿಯಲ್ಲಿ ಏನಿರಬೇಕೆಂಬುದನ್ನು ಬಹುಪಾಲು ಶಾಲೆಯ ಸುತ್ತೋಲೆಯೇ ತಿಳಿಸಿರುತ್ತದೆ. ಆದರೆ ಅದು ಮನೆಗೆ ತಲುಪುವುದು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಫೋಟೊ ಆಗಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಆ ಫೋಟೊವನ್ನು ಫೋನಿಗೇ ಓದಿಸಿ, ಅದರಿಂದ ಸರಿಯಾದ ಅರ್ಜಿ ಬರೆಯುವುದನ್ನು ಇಲ್ಲಿ ಒಂದು ಉದಾಹರಣೆ ಹಿಡಿದು ನೋಡೋಣ.

ಉದಾಹರಣೆಯ ಸುತ್ತೋಲೆ ಕಲ್ಪಿತ, ನಮೂನೆಗಾಗಿ ಮಾತ್ರ. ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು 2025ರ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಮನೆಗೆ ಕರೆತರಬೇಕಿದೆ ಎಂದುಕೊಳ್ಳೋಣ. ಸೆಪ್ಟೆಂಬರ್ 8, ಸೋಮವಾರದಿಂದ ಪರೀಕ್ಷೆ ಎಂದು ಸುತ್ತೋಲೆ ಹೇಳುತ್ತದೆ. ಅದಕ್ಕೂ ಮುನ್ನ ರಜೆ ಬೇಕಾದವರು ಹೊರಡುವ ದಿನಕ್ಕಿಂತ ಮೂರು ದಿನ ಮೊದಲೇ ಲಿಖಿತ ಅರ್ಜಿ ಕೊಡಬೇಕು. ಮರಳುವ ದಿನ ಸಂಜೆ 5ರೊಳಗೆ ಮಗು ಶಾಲೆಯಲ್ಲಿರಬೇಕು. ಪ್ರಾಂಶುಪಾಲರ ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಶಾಲೆಯಲ್ಲಿ ಹೆಸರು ನೋಂದಾಯಿಸಿರುವ ಪೋಷಕರು ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬರಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಈ ಕೊನೆಯ ಸಾಲಿನಲ್ಲಿ. ನೋಟಿಸ್ ಬೋರ್ಡಿನ ಫೋಟೊ ತೆಗೆಯುವವರು ಮುಖ್ಯ ವಿಷಯಕ್ಕಷ್ಟೇ ಗುರಿಯಿಟ್ಟು ಸಹಿಯ ಕೆಳಗಿನದನ್ನು ಬಿಟ್ಟುಬಿಡುತ್ತಾರೆ. ಆದ್ದರಿಂದ ಮೊದಲ ಕೆಲಸ ಫೋಟೊವನ್ನೇ ಪರೀಕ್ಷಿಸುವುದು. ಕಾಗದದ ನಾಲ್ಕು ಮೂಲೆಗಳೂ ಕಾಣುತ್ತಿವೆಯೇ? ಮೇಲ್ಭಾಗದ ಶಾಲೆಯ ಹೆಸರು, ಸುತ್ತೋಲೆ ಸಂಖ್ಯೆ, ದಿನಾಂಕ ಇವೆಯೇ? ಹಿಂಬದಿಯಲ್ಲೂ ಬರಹವಿದೆಯೇ? ಒಂದು ಮೂಲೆ ಕಾಣದಿದ್ದರೂ ಗುಂಪಿನಲ್ಲಿ ಮತ್ತೆ ಕೇಳಿ ಪಡೆಯಬೇಕು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ. ಅದನ್ನೇ ಫೋಟೊ ಬದಲು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಮೂಲ ಚಿತ್ರ ಹಾಗೇ ಬರುತ್ತದೆ.

ಸುತ್ತೋಲೆಯ ಪ್ರತಿ ಕೈಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಮೇಜಿನ ಮೇಲೆ ಮಟ್ಟಸವಾಗಿ ಹಾಸಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಕಾಗದದ ನೇರ ಮೇಲೆ ಹಿಡಿದು ತೆಗೆಯಬೇಕು. ಮಳೆಗಾಲದ ಕೊಡಗಿನಲ್ಲಿ ಮನೆಯೊಳಗೆ ಹಗಲೇ ಮಬ್ಬು. ಕಾಗದವೂ ತೇವಕ್ಕೆ ಅಲೆಯೆದ್ದಿರುತ್ತದೆ. ಅಂಥ ಕಾಗದದ ಮೇಲೆ ಸಾಲುಗಳು ಬಾಗುತ್ತವೆ, ಫೋನು ಒಂದು ಸಾಲಿನ ಅರ್ಧವನ್ನು ಮತ್ತೊಂದು ಸಾಲಿಗೆ ಸೇರಿಸಿ ಓದುತ್ತದೆ. ಎರಡು ಪುಸ್ತಕಗಳ ನಡುವೆ ಸ್ವಲ್ಪ ಹೊತ್ತು ಒತ್ತಿಟ್ಟು ಆಮೇಲೆ ಫೋಟೊ ತೆಗೆಯುವುದು ಲೇಸು.

ಫೋಟೊದಲ್ಲಿ ಬೇರೆ ಮಕ್ಕಳ ಹೆಸರು, ಫೋನ್ ಸಂಖ್ಯೆಗಳ ಪಟ್ಟಿ ಇದ್ದರೆ ಅಪ್‌ಲೋಡ್ ಮಾಡುವ ಮುನ್ನ ಆ ಭಾಗವನ್ನು ಕತ್ತರಿಸಲೇಬೇಕು. ಅದು ನಮ್ಮದಲ್ಲ, ಬೇರೆ ಮನೆಯ ಮಕ್ಕಳ ವಿವರ.

ಇನ್ನು ಓದಿಸುವ ಕೆಲಸ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಲೆನ್ಸ್‌ನಿಂದ ಫೋಟೊ ತೆರೆದರೆ ಅಕ್ಷರಗಳನ್ನು ಆಯ್ದು ನಕಲು ಮಾಡಿಕೊಳ್ಳಬಹುದು. ಇಂಗ್ಲಿಷ್ ಸುತ್ತೋಲೆಯಾದರೆ ಅಲ್ಲೇ ಕನ್ನಡ ಅನುವಾದವೂ ಸಿಗುತ್ತದೆ. ಕಂಪ್ಯೂಟರ್ ಇದ್ದವರು ಗೂಗಲ್ ಡ್ರೈವ್‌ಗೆ ಫೋಟೊ ಏರಿಸಿ, ಅದರ ಮೇಲೆ ಮೌಸಿನ ಬಲಬದಿಯ ಗುಂಡಿ ಒತ್ತಿ, `Open with` ಎಂಬಲ್ಲಿ `Google Docs` ಆರಿಸಿದರೆ ಚಿತ್ರದ ಕೆಳಗೇ ಅದರ ಪಠ್ಯ ಮೂಡುತ್ತದೆ. ಚಿತ್ರ 2 ಎಂಬಿಗಿಂತ ಹೆಚ್ಚಿರಬಾರದು, ತಲೆಕೆಳಗಾಗಿ ಅಥವಾ ಅಡ್ಡಲಾಗಿ ಇರಬಾರದು ಎಂದು ಗೂಗಲ್‌ನ ಸೂಚನೆಯೇ ಇದೆ. ಅಡ್ಡವಿರುವ ಫೋಟೊವನ್ನು ಮೊದಲು ನೆಟ್ಟಗೆ ತಿರುಗಿಸಿಕೊಂಡರೆ ಅರ್ಧ ತಪ್ಪುಗಳು ಅಲ್ಲೇ ತಪ್ಪುತ್ತವೆ.

ಹೀಗೆ ಬಂದ ಪಠ್ಯವನ್ನು ನಂಬಿ ನೇರ ಅರ್ಜಿಗೆ ಇಳಿಯಬಾರದು. ಪದಗಳಲ್ಲಿ ತಪ್ಪಾದರೆ ಓದುವಾಗಲೇ ತಿಳಿಯುತ್ತದೆ. ಅಂಕಿಯ ತಪ್ಪು ತಿಳಿಯುವುದಿಲ್ಲ, ಏಕೆಂದರೆ ತಪ್ಪು ಅಂಕಿಯೂ ಅಂಕಿಯಂತೆಯೇ ಕಾಣುತ್ತದೆ. 8 ಮಸುಕಾದರೆ 6 ಅಥವಾ 3 ಆಗಬಹುದು, 1 ಮತ್ತು 7 ಅದಲುಬದಲಾಗಬಹುದು. ರಬ್ಬರ್ ಮುದ್ರೆಯ ಅಡಿ ಸಿಕ್ಕ ದಿನಾಂಕ, ಪೆನ್ನಿನಿಂದ ತಿದ್ದಿದ ದಿನಾಂಕ ಇವು ಅತಿ ಹೆಚ್ಚು ಕೆಡುತ್ತವೆ. ಕನ್ನಡದ ಸುತ್ತೋಲೆಯಲ್ಲಿ ಒತ್ತಕ್ಷರಗಳು ಬಿಟ್ಟುಹೋಗುವುದು, ದ-ಧ, ಬ-ಭ ಕಲಸುವುದು ಸಾಮಾನ್ಯ.

ಇದಕ್ಕೊಂದು ಸುಲಭ ಪರೀಕ್ಷೆಯಿದೆ. ದಿನಾಂಕದ ಪಕ್ಕದ ವಾರವನ್ನು ಕ್ಯಾಲೆಂಡರಿನೊಂದಿಗೆ ತಾಳೆ ನೋಡುವುದು. ನಮ್ಮ ಉದಾಹರಣೆಯಲ್ಲಿ ಫೋನು ಪರೀಕ್ಷೆಯ ದಿನವನ್ನು ‘06.09.2025, ಸೋಮವಾರ’ ಎಂದು ಓದಿತು ಎನ್ನಿ. 2025ರ ಸೆಪ್ಟೆಂಬರ್ 6 ಶನಿವಾರ. ಸೋಮವಾರ ಬರುವುದು 8ರಂದು. ತಾಳೆಯಾಗಲಿಲ್ಲವೆಂದರೆ ಮೂಲ ಫೋಟೊವನ್ನು ದೊಡ್ಡದು ಮಾಡಿ ಕಣ್ಣಿನಿಂದಲೇ ಓದಬೇಕು. ವಾರ ಬರೆಯದ ಸುತ್ತೋಲೆಯಾದರೆ ಪ್ರತಿ ದಿನಾಂಕವನ್ನೂ ಹೀಗೇ ನೋಡಿ ಓದುವುದು ಅನಿವಾರ್ಯ.

ಫೋಟೊ ಹಾಕಿದರೆ ಅರ್ಜಿಯನ್ನೇ ಬರೆದುಕೊಡುವ ಎಐ ಆ್ಯಪ್‌ಗಳೂ ಈಗ ಇವೆ. ಭಾಷೆ ಚೆನ್ನಾಗಿಯೇ ಬರುತ್ತದೆ. ಆದರೆ ಫೋಟೊದಲ್ಲಿ ಇಲ್ಲದ್ದನ್ನು ಅವು ತಾವೇ ತುಂಬಿಬಿಡಬಹುದು. ಕಾರಣ ತಿಳಿಸದಿದ್ದರೆ ‘ಜ್ವರ’ ಎಂದು ಬರಬಹುದು, ಪ್ರಾಂಶುಪಾಲರ ಬದಲು ತರಗತಿ ಶಿಕ್ಷಕರ ಹೆಸರಿಗೆ ಅರ್ಜಿ ಸಿದ್ಧವಾಗಬಹುದು. ಇಂಥ ಆ್ಯಪ್ ಬಳಸುವವರು ಕಾರಣ, ಹೊರಡುವ ಮತ್ತು ಮರಳುವ ದಿನ, ಕರೆದೊಯ್ಯುವವರು ಇಷ್ಟನ್ನು ತಾವೇ ಬರೆದು ಫೋಟೊದ ಜೊತೆಗೆ ಕೊಡಬೇಕು. ಬಂದ ಅರ್ಜಿಯಲ್ಲಿ ಸುತ್ತೋಲೆಯಲ್ಲೂ ಇಲ್ಲದ, ತಾವೂ ಕೊಡದ ಒಂದೊಂದು ಪದವನ್ನೂ ಹೊಡೆದುಹಾಕಬೇಕು.

ಸುಳ್ಳು ಜ್ವರದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನವೋದಯದಲ್ಲಿ ಸ್ಟಾಫ್ ನರ್ಸ್ ಇರುತ್ತಾರೆ, ಮಕ್ಕಳ ಆರೋಗ್ಯ ಅವರಿಗೆ ಗೊತ್ತಿರುತ್ತದೆ. ಹಬ್ಬಕ್ಕೆ ಹೋಗುವ ಮಗುವಿಗೆ ಕಾಯಿಲೆ ಎಂದು ಬರೆದರೆ ವೈದ್ಯರ ಚೀಟಿ ಕೇಳಿದಾಗ ಮುಜುಗರಕ್ಕೆ ಸಿಲುಕುವುದು ಮಗುವೇ. ಹಬ್ಬ ಎಂದೇ ಬರೆಯಬಹುದು. ಕೊಡಗಿನಲ್ಲಿ ಕೈಲ್ ಪೊಳ್ದ್ ಏನೆಂದು ಬಿಡಿಸಿ ಹೇಳಬೇಕಿಲ್ಲ. ಪ್ರಾಂಶುಪಾಲರು ಬೇರೆ ರಾಜ್ಯದವರಾಗಿದ್ದರೆ ‘ಕೊಡವರ ಆಯುಧಪೂಜೆಯ ಹಬ್ಬ’ ಎಂದು ಮೂರು ಪದ ಸೇರಿಸಿದರಾಯಿತು. ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಕೈಲ್ ಪೊಳ್ದ್, ತುಲಾ ಸಂಕ್ರಮಣ, ಹುತ್ತರಿಗಳಿಗೆ ರಾಜ್ಯ ಸರ್ಕಾರ ಕೊಡಗು ಜಿಲ್ಲೆಗೆ ಸ್ಥಳೀಯ ರಜೆ ಕೊಡುತ್ತದೆ. ಆದರೆ ನವೋದಯ ಕೇಂದ್ರದ ಶಿಕ್ಷಣ ಸಚಿವಾಲಯದಡಿಯ ಸಂಸ್ಥೆ. ಆ ರಜೆ ಇಲ್ಲಿಗೂ ತಾನಾಗಿ ಬರುತ್ತದೆಂದು ಎಣಿಸದೆ ಅರ್ಜಿ ಕೊಡುವುದೇ ಸರಿ.

ಬರೆಯುವ ಮುನ್ನ ದಿನಗಳ ಲೆಕ್ಕ ಮಾಡಿಕೊಳ್ಳಬೇಕು. ಹುಡುಗಿ ಸೆಪ್ಟೆಂಬರ್ 2, ಮಂಗಳವಾರ ತರಗತಿ ಮುಗಿದ ಮೇಲೆ ಹೊರಟು 4, ಗುರುವಾರ ಸಂಜೆ ಮರಳುತ್ತಾಳೆ. ‘2ರಿಂದ 4ರವರೆಗೆ’ ಎಂದು ಬರೆದರೆ ಹಾಜರಿ ಪುಸ್ತಕದಲ್ಲಿ ಮೂರು ದಿನ ಗೈರುಹಾಜರಿ ಬೀಳಬಹುದು. ನಿಜವಾಗಿ ತಪ್ಪುವುದು 3 ಮತ್ತು 4ರ ತರಗತಿ, ಅಂದರೆ ಎರಡು ದಿನ. ಹತ್ತನೇ, ಹನ್ನೆರಡನೇ ತರಗತಿಯ ಮಕ್ಕಳಿಗಂತೂ ಇದು ಸಣ್ಣ ವಿಷಯವಲ್ಲ. ಬೋರ್ಡ್ ಪರೀಕ್ಷೆಗೆ ಸಿಬಿಎಸ್‌ಇ ಶೇಕಡಾ 75 ಹಾಜರಿ ಕೇಳುತ್ತದೆ. ಇನ್ನು ಮೂರು ದಿನ ಮೊದಲು ಎಂದರೆ ಆಗಸ್ಟ್ 30. ಅದು ಶನಿವಾರ, ಮರುದಿನ ಭಾನುವಾರ. ಶುಕ್ರವಾರವೇ ಕೊಟ್ಟರೆ ಪ್ರಾಂಶುಪಾಲರಿಗೆ ಓದಲು ಸಮಯ ಸಿಗುತ್ತದೆ.

ಅರ್ಜಿ ಹೀಗಿರಬಹುದು:

ದಿನಾಂಕ: 29.08.2025

ಇವರಿಗೆ,
ಪ್ರಾಂಶುಪಾಲರು,
ಜವಾಹರ ನವೋದಯ ವಿದ್ಯಾಲಯ,
ಗಾಳಿಬೀಡು, ಕೊಡಗು ಜಿಲ್ಲೆ.

ವಿಷಯ: ಮಗಳಿಗೆ ಎರಡು ದಿನಗಳ ರಜೆ ಕೋರಿ.
ಉಲ್ಲೇಖ: ತಮ್ಮ ಸುತ್ತೋಲೆ (ಸಂಖ್ಯೆ ಮತ್ತು ದಿನಾಂಕ).

ಮಾನ್ಯರೇ,

ನನ್ನ ಮಗಳು (ಹೆಸರು), 8ನೇ ತರಗತಿ, ನೀಲಗಿರಿ ಸದನ, ತಮ್ಮ ಶಾಲೆಯಲ್ಲಿ ಓದುತ್ತಿದ್ದಾಳೆ. ನಮ್ಮ ಮನೆಯಲ್ಲಿ 03.09.2025, ಬುಧವಾರ ಕೈಲ್ ಪೊಳ್ದ್ ಹಬ್ಬವಿದೆ. ಆಕೆಗೆ 3 ಮತ್ತು 4ನೇ ತಾರೀಕು ರಜೆ ಕೊಡಬೇಕೆಂದು ಕೋರುತ್ತೇನೆ.

02.09.2025ರಂದು ತರಗತಿ ಮುಗಿದ ಮೇಲೆ ಆಕೆಯ ತಂದೆ (ಹೆಸರು, ಫೋನ್) ಗುರುತಿನ ಚೀಟಿಯೊಂದಿಗೆ ಬಂದು ಕರೆದೊಯ್ಯುತ್ತಾರೆ. 04.09.2025ರ ಸಂಜೆ 5ರೊಳಗೆ ಅವರೇ ಮರಳಿ ಬಿಡುತ್ತಾರೆ. 8ರಿಂದ ಆರಂಭವಾಗುವ ಪರೀಕ್ಷೆಗೆ ಆಕೆ ಹಾಜರಿರುತ್ತಾಳೆ. ಮಳೆಯಿಂದ ರಸ್ತೆ ಬಂದ್ ಆಗಿ ತಡವಾದರೆ ಕೂಡಲೇ ಫೋನ್ ಮಾಡಿ ತಿಳಿಸುತ್ತೇವೆ.

ತಮ್ಮ ವಿಶ್ವಾಸಿ,
(ತಾಯಿಯ ಸಹಿ, ಹೆಸರು, ವಿಳಾಸ)

ಉಲ್ಲೇಖದ ಸಾಲನ್ನು ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ. ಆ ಸಂಖ್ಯೆ ಇದ್ದರೆ ಕಚೇರಿಯವರು ಯಾವ ಸುತ್ತೋಲೆಯ ಷರತ್ತಿನಂತೆ ಈ ಅರ್ಜಿ ಬಂದಿದೆ ಎಂದು ಹುಡುಕಬೇಕಿಲ್ಲ. ಸದನದ ಹೆಸರೂ ಹಾಗೆಯೇ. ನವೋದಯಗಳಲ್ಲಿ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂದು ಮಕ್ಕಳನ್ನು ಸದನಗಳಾಗಿ ವಿಂಗಡಿಸಿರುತ್ತಾರೆ. ಮಗುವನ್ನು ದಿನವೂ ನೋಡಿಕೊಳ್ಳುವ ಹೌಸ್ ಮಾಸ್ಟರ್‌ಗೆ ಅರ್ಜಿಯ ಪ್ರತಿ ತಲುಪಲು ಆ ಹೆಸರು ಬೇಕು.

ಮಳೆಯ ಸಾಲು ಕೆಲವರಿಗೆ ಹೆಚ್ಚೆನಿಸಬಹುದು. 2018ರ ಆಗಸ್ಟ್‌ನಲ್ಲಿ ಗಾಳಿಬೀಡು, ಮಕ್ಕಂದೂರು ಸುತ್ತಿನ ಗುಡ್ಡಗಳು ಕುಸಿದು ರಸ್ತೆಗಳೇ ಕೊಚ್ಚಿಹೋದದ್ದನ್ನು ಕಂಡವರಿಗೆ ಅದು ಹೆಚ್ಚಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡುವ ಅರ್ಜಿಯಲ್ಲಿ ಈ ಸಾಲು ಇರಲಿ.

ತಂದೆಗೆ ಬರಲಾಗದೆ ಚಿಕ್ಕಪ್ಪ ಬರುವುದಾದರೆ ಅರ್ಜಿಯಲ್ಲಿ ‘ತಂದೆ’ ಎಂಬುದನ್ನು ಬದಲಿಸಿದರಷ್ಟೇ ಸಾಲದು. ಶಾಲೆಯಲ್ಲಿ ನೋಂದಾಯಿಸಿದ ಹೆಸರು ಅವರದಲ್ಲದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸುವುದೂ ಸರಿಯೇ. ಅರ್ಜಿ ಕೊಡುವ ಮೊದಲೇ ಹೌಸ್ ಮಾಸ್ಟರ್‌ಗೆ ಫೋನ್ ಮಾಡಿ, ಏನು ಕಾಗದ ಬೇಕೆಂದು ಕೇಳಿಕೊಳ್ಳಬೇಕು.

ಬರೆದಾದ ಮೇಲೆ ಸುತ್ತೋಲೆಯ ಫೋಟೊವನ್ನು ಪಕ್ಕದಲ್ಲಿಟ್ಟುಕೊಂಡು ಅದರ ಒಂದೊಂದು ಷರತ್ತಿಗೂ ಅರ್ಜಿಯಲ್ಲಿ ಉತ್ತರವಿದೆಯೇ ಎಂದು ಬೆರಳಿಟ್ಟು ನೋಡಬೇಕು. ಆಮೇಲೆ ಕೈಯಲ್ಲೇ ಸಹಿ. ಅರ್ಜಿಯ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಸುಮ್ಮನಾಗದೆ, ಒಪ್ಪಿಗೆ ಸಿಕ್ಕಿತೇ ಎಂಬ ಉತ್ತರ ಬರುವವರೆಗೆ ವಿಚಾರಿಸಬೇಕು. ಹೊರಡುವ ದಿನ ತಂದೆ ಅರ್ಜಿಯ ಮೂಲ ಪ್ರತಿ, ಸುತ್ತೋಲೆಯ ಫೋಟೊ, ಗುರುತಿನ ಚೀಟಿ ಮೂರನ್ನೂ ಜೊತೆಗೆ ಒಯ್ಯಲಿ. ಮರಳಿ ಬಿಟ್ಟ ದಿನ ಸಂಜೆ ಮಗು ಒಳಬಂದ ಹೊತ್ತು ಶಾಲೆಯ ಪುಸ್ತಕದಲ್ಲಿ ದಾಖಲಾದದ್ದನ್ನು ಕಣ್ಣಾರೆ ನೋಡಿಕೊಂಡೇ ಗೇಟಿನಿಂದ ಹೊರಡಲಿ.