ಹನ್ನೆರಡು ಜನ, ಒಂದು ತಾರೀಖು

ಪ್ರಶ್ನೆ: ಕೋಥ್ರೂಡಿನ ಒಂದು ಚಿಕ್ಕ ಕನ್ನಡ ಬಳಗಕ್ಕೆ ನಾನು ಕಾರ್ಯದರ್ಶಿ. ಕಾರ್ಯಕಾರಿ ಸಮಿತಿಯಲ್ಲಿ 12 ಜನ. 2025ರ ರಾಜ್ಯೋತ್ಸವದ ಸಿದ್ಧತೆಗೆ ಸೆಪ್ಟೆಂಬರಿನಲ್ಲಿ ಸಭೆ ಕರೆಯಬೇಕಿತ್ತು. "ಯಾವಾಗ ಅನುಕೂಲ?" ಎಂದು ಗ್ರೂಪಿನಲ್ಲಿ ಕೇಳಿದೆ. ಮೂರು ದಿನದಲ್ಲಿ ನೂರಕ್ಕೂ ಹೆಚ್ಚು ಮೆಸೇಜು ಬಂದವು, ತಾರೀಖು ಬರಲಿಲ್ಲ. ಆಮೇಲೆ ಒಂಬತ್ತು ದಿನಗಳ ಪೋಲ್ ಹಾಕಿದೆ. ಒಬ್ಬರಿಗೆ ಒಂದೇ ಮತ ನ್ಯಾಯವೆಂದು ಹಾಗೆ ಮಾಡಿದೆ. ಒಂದು ಗುರುವಾರಕ್ಕೆ 4 ಬಿತ್ತು, ಉಳಿದದ್ದೆಲ್ಲ ಒಂದು, ಎರಡು. ಬೇಸತ್ತು "ಮುಂದಿನ ರವಿವಾರ" ಎಂದು ನಾನೇ ಬರೆದೆ. ಇಬ್ಬರು ಒಂದು ವಾರ ಮೊದಲೇ ಬಂದು ಬೀಗ ಹಾಕಿದ ಬಾಗಿಲು ನೋಡಿ ಹೋದರು. ಸಭೆಗೆ ಬಂದವರು ನಾಲ್ಕೇ ಜನ. ಈ ವರ್ಷವೂ ಹೀಗಾಗಬಾರದು.
— ಕಾರ್ಯದರ್ಶಿ, ಕೋಥ್ರೂಡ್

ಉತ್ತರ: ಮಾನ್ಯರೆ, ನಿಮ್ಮ ಸದಸ್ಯರನ್ನು ದೂರುವ ಮೊದಲು ನಿಮ್ಮ ಪೋಲನ್ನು ದೂರಬೇಕು. ಈ ಉತ್ತರ ಬರೆಯುವ ಮುಂಚೆ ನಿಮಗೆ ಫೋನ್ ಮಾಡಿ ಆ 12 ಜನ ಎಲ್ಲಿ ಕೆಲಸ ಮಾಡುತ್ತಾರೆ, ಯಾವಾಗ ಬಿಡುವಾಗುತ್ತಾರೆ ಎಂದು ಕೇಳಿ ಬರೆದುಕೊಂಡೆನಲ್ಲ, ಆ ಚೀಟಿ ಮುಂದಿಟ್ಟುಕೊಂಡೇ ಹೇಳುತ್ತೇನೆ.

ನಿಮ್ಮಲ್ಲಿ ನಾಲ್ವರು ಭೋಸರಿ, ಪಿಂಪ್ರಿ ಕಡೆಯ ಕಾರ್ಖಾನೆಯವರು. ವಿದ್ಯುತ್ ಹೊರೆ ಹಂಚಲೆಂದು ಅಲ್ಲಿ ವಾರದ ರಜೆ ಗುರುವಾರ. ರವಿವಾರ ಅವರಿಗೆ ದುಡಿಯುವ ದಿನ. ಮೂವರು ಹಿಂಜವಡಿಯ ಐಟಿಯವರು. ಅವರಿಗೆ ಶನಿವಾರ, ರವಿವಾರ ರಜೆ, ಗುರುವಾರ ಸಂಜೆ ಟ್ರಾಫಿಕ್ಕಿನಲ್ಲಿ. ಮೂವರು ನಿವೃತ್ತರು, ಅಧ್ಯಕ್ಷರು ಅವರಲ್ಲೊಬ್ಬರು. ಒಬ್ಬ ಶಿಕ್ಷಕಿ. ಉಳಿದವರು ನಿಮ್ಮ ಖಜಾಂಚಿ, ಬ್ಯಾಂಕಿನವರು. ಶನಿವಾರಗಳಲ್ಲಿ ಅವರಿಗೆ ತಿಂಗಳ ಎರಡನೆಯದು ಮತ್ತು ನಾಲ್ಕನೆಯದು ಮಾತ್ರ ರಜೆ. ಇಂಥ ಸಮಿತಿಯಲ್ಲಿ 12 ಜನರಿಗೂ ಆಗುವ ದಿನ ಇರುವುದೇ ಇಲ್ಲ. ನೀವು ಮೂರು ದಿನ ಹುಡುಕಿದ್ದು ಆ ಇಲ್ಲದ ದಿನವನ್ನು.

ಪೋಲ್ ಹಾಕುವ ಮುಂಚಿನ ಕೆಲಸ ಅಡುಗೆಮನೆ ಗೋಡೆಯ ಕಾಲನಿರ್ಣಯದ ಎದುರು ನಿಂತು ಮಾಡುವಂಥದ್ದು. 2025ರಲ್ಲಿ ಅನಂತ ಚತುರ್ದಶಿ ಸೆಪ್ಟೆಂಬರ್ 6, ಶನಿವಾರ. ಪುಣೆಯ ವಿಸರ್ಜನೆ ಮೆರವಣಿಗೆ ಮರುದಿನಕ್ಕೂ ಎಳೆಯುವುದು ಇಲ್ಲಿದ್ದವರಿಗೆಲ್ಲ ಗೊತ್ತು. ಆದ್ದರಿಂದ 7ರ ರವಿವಾರ ಹೋಯಿತು. ಸಾಲದ್ದಕ್ಕೆ ಅಂದು ರಾತ್ರಿ ಖಗ್ರಾಸ ಚಂದ್ರಗ್ರಹಣ. 21ರ ರವಿವಾರ ಮಹಾಲಯ ಅಮಾವಾಸ್ಯೆ. ಪಿತೃಕಾರ್ಯ ಬಿಟ್ಟು ಯಾರು ಬಂದಾರು? 22ರಿಂದ ನವರಾತ್ರಿ, ಆಮೇಲೆ ದಸರೆಗೆ ಊರು. ನಿಮ್ಮ ಒಂಬತ್ತು ದಿನಗಳ ಪಟ್ಟಿಯಲ್ಲಿ 7 ಮತ್ತು 21 ಎರಡೂ ಇದ್ದವು ಎಂದಿರಿ. ಜನ ಅದಕ್ಕೇ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದದೆ ಬಿಟ್ಟದ್ದು. ವಾಟ್ಸ್‌ಆ್ಯಪ್ 12 ಆಯ್ಕೆಗಳವರೆಗೆ ಬಿಡುತ್ತದೆ, ನಿಜ. ಬಿಡುತ್ತದೆಂದು ತುಂಬಬೇಕಿಲ್ಲ. ನಾಲ್ಕು ಸಾಕು, ಅವು ಬೇರೆಬೇರೆ ಜಾತಿಯವಾಗಿರಲಿ: ಒಂದು ಬ್ಯಾಂಕ್ ರಜೆಯ ಶನಿವಾರ ಸಂಜೆ, ಒಂದು ರವಿವಾರ ಬೆಳಿಗ್ಗೆ, ಒಂದು ಗುರುವಾರ ಸಂಜೆ, ಇನ್ನೊಂದು ಶನಿವಾರ.

ನಾನಾಗಿದ್ದರೆ ಸೆಪ್ಟೆಂಬರ್ 2, ಮಂಗಳವಾರ ರಾತ್ರಿ ಎಂಟೂವರೆಗೆ, ಮನೆಮನೆಯ ಗಣಪತಿ ಆರತಿ ಮುಗಿದು ಜನ ಫೋನು ಕೈಗೆತ್ತಿಕೊಳ್ಳುವ ಹೊತ್ತಿಗೆ, ಇದನ್ನು ಹಾಕುತ್ತಿದ್ದೆ:

"ರಾಜ್ಯೋತ್ಸವ ಸಿದ್ಧತಾ ಸಭೆ, ಒಂದು ಗಂಟೆ, ಕೋಥ್ರೂಡ್. ನೀವು ಬರಬಲ್ಲ ಎಲ್ಲ ದಿನಗಳಿಗೂ ಟಿಕ್ ಮಾಡಿ. ನಾಳೆ ಬುಧವಾರ, 3ನೇ ತಾರೀಖು ರಾತ್ರಿ 9ಕ್ಕೆ ಎಣಿಕೆ.
ಶನಿವಾರ 13 ಸೆಪ್ಟೆಂಬರ್, ಸಂಜೆ 5.30
ರವಿವಾರ 14 ಸೆಪ್ಟೆಂಬರ್, ಬೆಳಿಗ್ಗೆ 10.30
ಗುರುವಾರ 18 ಸೆಪ್ಟೆಂಬರ್, ಸಂಜೆ 6.30
ಶನಿವಾರ 20 ಸೆಪ್ಟೆಂಬರ್, ಸಂಜೆ 5.30
ಈ ನಾಲ್ಕರಲ್ಲಿ ಯಾವುದೂ ಆಗದು"

ರವಿವಾರದ್ದನ್ನು ಬೆಳಿಗ್ಗೆಗೆ ಇಟ್ಟದ್ದಕ್ಕೆ ಕಾರಣವಿದೆ. ಅಂದು ರಾತ್ರಿ ಏಷ್ಯಾ ಕಪ್ಪಿನಲ್ಲಿ ಭಾರತ-ಪಾಕಿಸ್ತಾನ ಪಂದ್ಯ.

ಇಲ್ಲಿ ಕೇಳಿದ್ದು "ಯಾವುದು ಇಷ್ಟ" ಎಂದಲ್ಲ, "ಯಾವ ಯಾವ ದಿನ ಬರಬಲ್ಲಿರಿ" ಎಂದು. ಅದಕ್ಕೆ ಪೋಲ್ ಮಾಡುವಾಗ ಕೆಳಗಿರುವ `Allow multiple answers` ಗುಂಡಿ ಆನ್ ಇರಬೇಕು. ಸಾಮಾನ್ಯವಾಗಿ ಅದು ಆನ್ ಆಗಿಯೇ ಇರುತ್ತದೆ. ನೀವು ನ್ಯಾಯದ ಹೆಸರಿನಲ್ಲಿ ಆಫ್ ಮಾಡಿದಿರಿ. ಒಂದೇ ಮತ ಚುನಾವಣೆಗೆ ಸರಿ. ಸಭೆಯ ದಿನಕ್ಕೆ ಅದು ಹೇಗೆ ದಾರಿ ತಪ್ಪಿಸುತ್ತದೆಂದು ನಿಮ್ಮದೇ ಜನರನ್ನಿಟ್ಟು ಲೆಕ್ಕ ಹಾಕಿದೆ.

ಕಾರ್ಖಾನೆಯ ನಾಲ್ವರಲ್ಲಿ ಆ ವಾರ ಇಬ್ಬರು ಮೊದಲ ಪಾಳಿ, ಇಬ್ಬರು ಎರಡನೇ ಪಾಳಿ. ಮೊದಲ ಪಾಳಿಯವರು 13ರ ಸಂಜೆ ಬರಬಲ್ಲರು. ಎರಡನೆಯವರಿಗೆ ಆ ಸಂಜೆ ಆಗದು, ಆದರೆ 14ರ ಬೆಳಿಗ್ಗೆ ಬಂದು ಮಧ್ಯಾಹ್ನ ಕೆಲಸಕ್ಕೆ ಹೋಗಬಲ್ಲರು. 20ರ ಹೊತ್ತಿಗೆ ಪಾಳಿ ಅದಲುಬದಲು, ಆಗ ಬರುವವರು ಈ ಎರಡನೆಯವರು. 18ರ ಗುರುವಾರ ನಾಲ್ವರೂ ಸಿದ್ಧ. ಐಟಿಯವರಲ್ಲಿ 13ಕ್ಕೆ ಇಬ್ಬರು, 14 ಮತ್ತು 20ಕ್ಕೆ ಮೂವರೂ, ಗುರುವಾರ ಒಬ್ಬರೂ ಇಲ್ಲ. ನಿವೃತ್ತರಲ್ಲಿ ಒಬ್ಬರಿಗೆ 13ರಂದು ಮನೆಯಲ್ಲಿ ಶ್ರಾದ್ಧ, ಇಬ್ಬರು ಬರುತ್ತಾರೆ, 14ಕ್ಕೆ ಒಬ್ಬರೇ, 18 ಮತ್ತು 20ಕ್ಕೆ ಮೂವರೂ. ಶಿಕ್ಷಕಿಯವರಿಗೆ ಎರಡು ಶನಿವಾರಗಳ ಸಂಜೆ ಅನುಕೂಲ. ಖಜಾಂಚಿಯವರಿಗೆ 13 ಎರಡನೇ ಶನಿವಾರವಾದ್ದರಿಂದ ಬಿಡುವು, 14 ಕೂಡ. 20 ಮೂರನೇ ಶನಿವಾರ, ಬ್ಯಾಂಕ್ ಇದೆ.

ಕೂಡಿಸಿದರೆ 13ಕ್ಕೆ 8, 14ಕ್ಕೆ 7, 18ಕ್ಕೆ 7, 20ಕ್ಕೆ 9.

ಒಂದೇ ಮತ ಎಂದಿದ್ದರೆ? ಕಾರ್ಖಾನೆಯ ನಾಲ್ವರೂ ರಜೆಯ ದಿನವಾದ ಗುರುವಾರವನ್ನೇ ಒತ್ತುತ್ತಿದ್ದರು, ನಿವೃತ್ತರಲ್ಲೊಬ್ಬರು ಅವರ ಜೊತೆ. ಉಳಿದ ಮತಗಳು ಮೂರು ದಿನಗಳಿಗೆ ಚದುರಿ, 5 ಮತದ ಗುರುವಾರ ಗೆದ್ದುಬಿಡುತ್ತಿತ್ತು. ಆ ದಿನ ಖಜಾಂಚಿಯೂ ಇಲ್ಲ, ಐಟಿಯವರಲ್ಲಿ ಒಬ್ಬರೂ ಇಲ್ಲ. 9 ಜನ ಬರಬಲ್ಲ 20ನೇ ತಾರೀಖು ಸೋತದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಿಮ್ಮ ನಿಜವಾದ ಪೋಲಿನಲ್ಲೂ ಗುರುವಾರಕ್ಕೆ 4 ಬಿದ್ದದ್ದು ಯಾರದೆಂದು ಈಗ ಹೇಳಬೇಕಿಲ್ಲವಷ್ಟೆ.

ಹಾಗಾದರೆ 9 ಮತದ 20 ಗೆದ್ದಿತೇ? ಇಲ್ಲ, ನಾನು 13 ಎನ್ನುತ್ತೇನೆ. ಸಭೆಯ ವಿಷಯ ಹಾಲ್ ಬಾಡಿಗೆ, ಊಟ, ಕಲಾವಿದರ ಮುಂಗಡ. ಖಜಾಂಚಿ ಇಲ್ಲದೆ ಇವನ್ನು ತೀರ್ಮಾನಿಸಿದರೆ ಎರಡನೇ ಸಭೆ ಖಾತರಿ. ಆದ್ದರಿಂದ ಎಣಿಕೆಯ ಕ್ರಮ ಹೀಗಿರಲಿ: ಮೊದಲು ಕೋರಂ ತುಂಬದ ದಿನಗಳನ್ನು ತೆಗೆಯಿರಿ, ನಿಮ್ಮಲ್ಲಿ ಅದು 7 ಎಂದಿರಿ, ನಾಲ್ಕೂ ಉಳಿಯುತ್ತವೆ. ಆಮೇಲೆ ಆ ಸಭೆಗೆ ಬೇಕೇಬೇಕಾದ ಅಧ್ಯಕ್ಷರು ಮತ್ತು ಖಜಾಂಚಿ ಇಬ್ಬರೂ ಇರುವ ದಿನ ನೋಡಿ. 18, 20 ಹೋದವು, ಅಧ್ಯಕ್ಷರಿಗೆ ಆಗದ್ದರಿಂದ 14 ಹೋಯಿತು, ಉಳಿದದ್ದು 13. ಎರಡು ದಿನ ಉಳಿದರೆ ಹೆಚ್ಚು ಮತದ್ದು, ಮತ ಸಮನಾದರೆ ಮೊದಲು ಬರುವ ದಿನ. ಈ ಕ್ರಮವನ್ನು ಪೋಲಿನ ಹಿಂದೆಯೇ ಒಂದು ಮೆಸೇಜಿನಲ್ಲಿ ಬರೆದುಬಿಡಿ. ಎಣಿಕೆಯಾದ ಮೇಲೆ ಹೇಳಿದರೆ ಅದೇ ಕ್ರಮ ಕಾರ್ಯದರ್ಶಿಯ ಪಕ್ಷಪಾತವಾಗಿ ಕಾಣುತ್ತದೆ.

ಇದಕ್ಕಿಂತಲೂ ಸುಲಭದ ದಾರಿಯೊಂದಿದೆ: ಬೇಕೇಬೇಕಾದ ಇಬ್ಬರಿಗೆ ಮೊದಲೇ ಫೋನ್ ಮಾಡಿ, ಅವರಿಗೆ ಆಗುವ ದಿನಗಳನ್ನಷ್ಟೇ ಪೋಲಿಗೆ ಹಾಕುವುದು. ಹಾಗೆ ಮಾಡಿದ್ದರೆ 20 ಪಟ್ಟಿಗೇ ಬರುತ್ತಿರಲಿಲ್ಲ, ಯಾರಿಗೂ "ನಮ್ಮ ಒಂಬತ್ತು ಮತ ಎಲ್ಲಿ ಹೋಯಿತು" ಎನ್ನಲು ಅವಕಾಶವೂ ಇರುತ್ತಿರಲಿಲ್ಲ. ನಾನು ಕಾರ್ಯದರ್ಶಿಯಾಗಿದ್ದಾಗ ಇದನ್ನು ಕಲಿಯಲು ಎರಡು ವರ್ಷ ಬೇಕಾಯಿತು.

ನಡುವೆ ಯಾರೋ "17ನೇ ತಾರೀಖನ್ನೂ ಸೇರಿಸಿ" ಎನ್ನುತ್ತಾರೆ. ಸೇರಿಸಬೇಡಿ. ಮೊದಲೇ ಟಿಕ್ ಮಾಡಿದವರು ಮತ್ತೆ ಬಂದು ನೋಡುವುದಿಲ್ಲ, ಹೊಸ ದಿನ ಯಾವಾಗಲೂ ಮತ ಕಡಿಮೆಯಾಗಿಯೇ ಕಾಣುತ್ತದೆ.

ಪ್ರಶ್ನೆ: ನಮ್ಮ ಸಮಿತಿಯಲ್ಲಿ ಅರ್ಧ ಜನ ಪೋಲ್ ನೋಡಿ ಸುಮ್ಮನಿರುತ್ತಾರೆ. ಒಬ್ಬ ಹಿರಿಯರ ಬಳಿ ಸ್ಮಾರ್ಟ್‌ಫೋನೇ ಇಲ್ಲ. ಸುಮ್ಮನಿದ್ದವರನ್ನು "ಒಪ್ಪಿಗೆ" ಎಂದು ಹಿಡಿಯಬಹುದೇ?
— ಚಿಂಚವಡದ ಓದುಗರು

ಉತ್ತರ: ಹಿಡಿಯಬೇಡಿ. ಮೇಲಿನ ಪೋಲಿನಲ್ಲಿ "ಯಾವುದೂ ಆಗದು" ಎಂಬ ಐದನೇ ಸಾಲು ಇಟ್ಟದ್ದೇ ಇದಕ್ಕೆ. ಬರಲಾಗದವರು ಅದನ್ನು ಒತ್ತಿದರೆ ಅವರ ಉತ್ತರ ಸಿಕ್ಕಂತೆ. ಏನನ್ನೂ ಒತ್ತದವರು ಇನ್ನೂ ಉತ್ತರಿಸಬೇಕಾದವರು. ಈ ಎರಡು ಗುಂಪನ್ನು ಬೇರ್ಪಡಿಸದೆ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಪೋಲಿನ ಕೆಳಗೆ `View votes` ಒತ್ತಿದರೆ ಯಾರು ಯಾವುದಕ್ಕೆ ಟಿಕ್ ಮಾಡಿದ್ದಾರೆಂದು ಹೆಸರುಸಹಿತ ಬರುತ್ತದೆ. ಇನ್ನು ನಿಮ್ಮ ಮೆಸೇಜನ್ನು ಒತ್ತಿ ಹಿಡಿದು `Info` ನೋಡಿದರೆ ಓದಿದವರ ಪಟ್ಟಿ. ನೀಲಿ ಟಿಕ್ ಬಂದ್ ಮಾಡಿಟ್ಟವರೂ ಗ್ರೂಪಿನಲ್ಲಿ ಇದರಿಂದ ತಪ್ಪಿಸಿಕೊಳ್ಳಲಾರರು. ಓದಿ ಉತ್ತರಿಸದವರಿಗೆ ಗಡುವಿಗೆ ಮೂರು ಗಂಟೆ ಮೊದಲು ಒಬ್ಬೊಬ್ಬರಿಗೇ ಫೋನ್ ಮಾಡಿ. "ಎಲ್ಲರೂ ದಯವಿಟ್ಟು ವೋಟ್ ಮಾಡಿ" ಎಂದು ಗ್ರೂಪಿನಲ್ಲಿ ಮೂರು ಸಲ ಬರೆಯುವುದು ವ್ಯರ್ಥ. ಅದನ್ನು ಓದುವವರು ಆಗಲೇ ಮತ ಹಾಕಿದವರು.

ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರನ್ನು ಮೊದಲು ಕೇಳಿ, ಕೊನೆಗಲ್ಲ. ಅವರ ಉತ್ತರವನ್ನು ನಿಮ್ಮ ನಂಬರಿನಿಂದ ಒತ್ತಬೇಡಿ. ಒಂದು ನಂಬರಿಗೆ ಒಬ್ಬರೇ ಲೆಕ್ಕ, ನಿಮ್ಮ ಮತದ ಜೊತೆ ಕಲಸಿಹೋಗುತ್ತದೆ. ಪೋಲಿಗೆ ಉತ್ತರವಾಗಿ "ಕಾಕಾ ಅವರಿಗೆ 13, 18 ಆಗುತ್ತದೆ ಎಂದು ಫೋನಿನಲ್ಲಿ ತಿಳಿಸಿದ್ದಾರೆ" ಎಂದು ಬರೆದು, ಎಣಿಸುವಾಗ ಕೂಡಿಸಿ. ಹಾಕಿದ ಮತವನ್ನು ಯಾರು ಬೇಕಾದರೂ ಆಮೇಲೆ ಬದಲಿಸಬಹುದಾದ್ದರಿಂದ ರಾತ್ರಿ 9ಕ್ಕೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.

ಪ್ರಶ್ನೆ: ಪೋಲಿನಲ್ಲಿ ದಿನ ಗೊತ್ತಾಯಿತು, ಎಲ್ಲರೂ ನೋಡಿದ್ದಾರೆ. ಮತ್ತೆ ಬೇರೆ ನೋಟಿಸ್ ಯಾಕೆ?
— ಹಡಪ್ಸರ್‌ನ ಓದುಗರು

ಉತ್ತರ: ಪೋಲ್ ದಿನ ಹುಡುಕುವ ಉಪಾಯ, ಸಭೆ ಕರೆಯುವುದು ನೋಟಿಸ್. ಮಹಾರಾಷ್ಟ್ರದಲ್ಲಿ 1860ರ ಸೊಸೈಟೀಸ್ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ 1950ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಗೂ ಒಳಪಡುತ್ತದೆ. ಎಷ್ಟು ದಿನ ಮುಂಚೆ, ಹೇಗೆ ನೋಟಿಸ್ ಕೊಡಬೇಕು, ಕೋರಂ ಎಷ್ಟು ಎಂಬುದು ನಿಮ್ಮ ಸಂಘದ ಘಟನೆಯಲ್ಲಿ ಬರೆದಿರುತ್ತದೆ. ಅಲ್ಲಿ ಏಳು ದಿನ ಎಂದಿದ್ದರೆ ಪೋಲಿನ ಮೊದಲ ದಿನವೂ ಗಡುವಿನಿಂದ ಏಳು ದಿನದ ಆಚೆಗಿರಬೇಕು. ಮೇಲಿನ ಉದಾಹರಣೆಯಲ್ಲಿ 3ಕ್ಕೆ ಎಣಿಸಿ 13ಕ್ಕೆ ಸಭೆ ಎಂದದ್ದು ಹಾಗೆ. ಎಣಿಕೆಯಾದ ರಾತ್ರಿಯೇ ವಾರ, ತಾರೀಖು, ವೇಳೆ, ಸ್ಥಳ, ಕಾರ್ಯಸೂಚಿ ಬರೆದು ನೋಟಿಸ್ ಹೊರಡಿಸಿ, ಅದನ್ನು ಗ್ರೂಪಿನ ಮೇಲೆ ಪಿನ್ ಮಾಡಿ. ಪಿನ್‌ಗೆ 24 ಗಂಟೆ, 7 ದಿನ, 30 ದಿನ ಎಂದು ಅವಧಿ ಕೇಳುತ್ತದೆ, 30 ಆರಿಸಿ. 7 ಒತ್ತಿದರೆ ಸಭೆಗೆ ಮೂರು ದಿನ ಇರುವಾಗಲೇ ನೋಟಿಸ್ ಕೆಳಗಿಳಿದಿರುತ್ತದೆ.

ಕೋರಂ, ನೋಟಿಸ್ ಬಗ್ಗೆ ಇನ್ನು ಮುಂದೆ ಪ್ರಶ್ನೆ ಕಳಿಸುವವರು ತಮ್ಮ ಸಂಘದ ಘಟನೆಯ ಆ ಪುಟದ ಫೋಟೋವನ್ನೂ ಜೊತೆಗೆ ಕಳಿಸಬೇಕಾಗಿ ವಿನಂತಿ.